ನನ್ನ ಆಫರ್ ಲೆಟರ್ ಈಗ ಯಾರ ಟೇಬಲ್ ಮೇಲಿದೆ?

ಆ ಗುರುವಾರ ಮಧ್ಯಾಹ್ನ ಫೋನ್ ಬಂದಾಗ ನಾನು ಗೇಜ್ ರೂಮಿನಲ್ಲಿದ್ದೆ. ಕೈಯಲ್ಲಿ ಮೈಕ್ರೋಮೀಟರ್, ಎದುರಿಗೆ ಒಂದು ಟ್ರೇ ಬುಷ್. ಗೊತ್ತಿಲ್ಲದ ನಂಬರ್. ಹೊರಗೆ ಬಂದು ಕಂಪ್ರೆಸರ್ ಸದ್ದಿನಿಂದ ಸ್ವಲ್ಪ ದೂರ ಹೋಗಿ ಎತ್ತಿದೆ.

"ಕಂಗ್ರಾಟ್ಸ್, ನೀವು ಸೆಲೆಕ್ಟ್ ಆಗಿದೀರ. ಆರು ಅರವತ್ತು ಕೊಡ್ತೀವಿ. ಎರಡು ಮೂರು ದಿನದಲ್ಲಿ ಲೆಟರ್ ಮೇಲ್‌ಗೆ ಬರುತ್ತೆ. ಓಕೆನಾ?"

ಓಕೆ ಮೇಡಂ, ಥ್ಯಾಂಕ್ಯೂ ಮೇಡಂ ಅಂದೆ. ಒಟ್ಟು ಎರಡು ನಿಮಿಷದ ಮಾತು. ಆರು ಅರವತ್ತು ಅಂದರೆ ವರ್ಷಕ್ಕೆ 6.6 ಲಕ್ಷ. ಒಳಗೆ ಬಂದು ಅದೇ ಬುಷ್ ಮೂರು ಸಲ ಅಳೆದೆ, ಮೂರು ಸಲವೂ ಬೇರೆ ಬೇರೆ ರೀಡಿಂಗ್ ಬಂತು.

ನಾನು ಹಿರೇಹಳ್ಳಿಯ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಕ್ವಾಲಿಟಿ ಎಂಜಿನಿಯರ್. ಆಗ ಸಿಟಿಸಿ, ಅಂದರೆ ಕಂಪನಿ ನನಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ಸುಮಾರು 4.65 ಲಕ್ಷ, ತಿಂಗಳಿಗೆ ಕೈಗೆ ಬರುತ್ತಿದ್ದದ್ದು 34,000. ಫೋನ್ ಬಂದದ್ದು ವಸಂತನರಸಾಪುರದ ಒಂದು ಕಾರ್ಖಾನೆಯಿಂದ. ನಮ್ಮ ಮನೆ ಶಿರಾ ಗೇಟ್ ಹತ್ತಿರ. ಅಲ್ಲಿಂದ ಹಿರೇಹಳ್ಳಿಗೆ ಹೋಗಬೇಕಾದರೆ ಇಡೀ ತುಮಕೂರು ದಾಟಬೇಕು. ವಸಂತನರಸಾಪುರ ಆದರೆ ಊರಿನ ಗಲಾಟೆಯೇ ಇಲ್ಲ, ಸೀದಾ ಹೈವೇ ಹತ್ತಿದರೆ ಆಯ್ತು. ಸಂಬಳದಷ್ಟೇ ಅದೂ ನನಗೆ ಖುಷಿ ಕೊಟ್ಟಿತ್ತು.

ಸಂಜೆ ಅಮ್ಮನಿಗೆ ಹೇಳಿದೆ. ಅದು ನಾನು ಮಾಡಿದ ಮೊದಲ ತಪ್ಪು. ರಾತ್ರಿ ಊಟದ ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿತ್ತು.

ಸೋಮವಾರ ಏನೂ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಆ ಎಚ್‌ಆರ್ ಮೇಡಂಗೆ ವಾಟ್ಸಾಪ್ ಮಾಡಿದೆ: "ಎನಿ ಅಪ್ಡೇಟ್ ಮೇಡಂ?" ನೀಲಿ ಟಿಕ್ ಬಿತ್ತು. ಎರಡು ಗಂಟೆ ಬಿಟ್ಟು "ಚೆಕ್ ಮಾಡಿ ಹೇಳ್ತೀನಿ" ಅಂತ ಬಂತು. ಆಮೇಲೆ ಸುದ್ದಿಯಿಲ್ಲ. ಶುಕ್ರವಾರ ಮತ್ತೆ ಕೇಳಿದೆ. ಟಿಕ್ ನೀಲಿಯಾಯ್ತು, ಅಷ್ಟೇ. ಪಕ್ಕದ ಮನೆ ಆಂಟಿ "ಸ್ವೀಟ್ ಯಾವಾಗ?" ಅಂತ ಕೇಳುತ್ತಿದ್ದರು. ಈ ಕಡೆ ನಮ್ಮ ಮ್ಯಾನೇಜರ್ "ಮುಂದಿನ ತಿಂಗಳ ಆಡಿಟ್ ನೀನೇ ನೋಡ್ಕೋ" ಅಂತ ಫೈಲ್ ಕೈಗಿಟ್ಟರು. ಹೂಂ ಅನ್ನುವುದೋ ಊಹೂಂ ಅನ್ನುವುದೋ ಗೊತ್ತಾಗಲಿಲ್ಲ. ಹೂಂ ಅಂದೆ.

ದೊಡ್ಡಪ್ಪನ ಸೊಸೆ, ನನಗೆ ಅತ್ತಿಗೆ ಆಗಬೇಕು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎಚ್‌ಆರ್. ದಿನಾ ತುಮಕೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಭಾನುವಾರ ಬೆಳಿಗ್ಗೆ ಅಣ್ಣ, ಅತ್ತಿಗೆ, ನಾನು ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೋಗಿದ್ದೆವು. ನನ್ನ ಮುಖ ನೋಡಿ ಅವರೇ ಕೇಳಿದರು.

"ಏನಪ್ಪಾ ಮೈದುನ, ಇಡ್ಲಿ ಮುಂದಿಟ್ಕೊಂಡು ಮೊಬೈಲ್ ನೋಡ್ತಿದೀಯಲ್ಲ?"

ಹೇಳಿದೆ. ಹತ್ತು ದಿನ ಆಯ್ತು ಅತ್ತಿಗೆ, ಲೆಟರ್ ಇಲ್ಲ, ಕೊಡಲ್ಲ ಅನ್ಸುತ್ತೆ ಅಂದೆ.

"ಹತ್ತು ದಿನ ಎಲ್ಲಿ ಆಯ್ತು? ಲೆಟರ್ ಎಲ್ಲಿಂದ ಬರುತ್ತೆ ಅಂದೆ?"

ಹೆಡ್ ಆಫೀಸ್ ಪುಣೆ ಅಂದೆ.

"ಹೆಡ್ ಆಫೀಸಿಗೆ ಶನಿವಾರ ಭಾನುವಾರ ರಜ. ಶುಕ್ರವಾರ ಒಂದು, ಸೋಮವಾರದಿಂದ ಶುಕ್ರವಾರ ಐದು. ಆರು ದಿನ ಆಗಿದೆ. ಅದ್ರಲ್ಲೂ ತಿಂಗಳ ಕೊನೆ. ಇಲ್ಲಿ ಪ್ಲಾಂಟ್ ಎಚ್‌ಆರ್‌ಗೆ ಅಟೆಂಡೆನ್ಸ್ ಕ್ಲೋಸ್ ಮಾಡ್ಬೇಕು, ಓಟಿ ಲೆಕ್ಕ, ಕಾಂಟ್ರಾಕ್ಟ್ ಲೇಬರ್ ಬಿಲ್. ನಿನ್ನ ವಾಟ್ಸಾಪ್‌ಗೆ ಕೂತು ಉತ್ತರ ಬರೀತಾರಾ?"

ಆಮೇಲೆ ಅವರು ಹೇಳಿದ್ದು ನನಗೆ ನಿಜಕ್ಕೂ ಹೊಸದು. ಎಂಟು ವರ್ಷ ಕೆಲಸ ಮಾಡಿದ್ದೀನಿ, ಎರಡು ಕಂಪನಿ ನೋಡಿದ್ದೀನಿ. ಆದರೂ ಆಫರ್ ಲೆಟರ್ ಅನ್ನುವುದು ಹೇಗೆ ಹುಟ್ಟುತ್ತದೆ ಅಂತ ಯೋಚಿಸಿರಲಿಲ್ಲ. ಫೋನ್ ಮಾಡಿ ಹೇಳಿದರು ಅಂದರೆ ಎಲ್ಲ ಮುಗಿದಿದೆ, ಪ್ರಿಂಟ್ ಕೊಡುವುದೊಂದೇ ಬಾಕಿ ಅಂದುಕೊಂಡಿದ್ದೆ.

ಹಾಗಲ್ಲವಂತೆ. ಇಂಟರ್‌ವ್ಯೂ ಮಾಡಿದವರು ಇವನು ಆಗಬಹುದು ಅಂತ ಹೇಳಿದ ಮೇಲೆ ಎಚ್‌ಆರ್ ಒಂದು ಸಂಬಳದ ಪ್ರಸ್ತಾಪ ತಯಾರು ಮಾಡುತ್ತಾರೆ. ಅದರಲ್ಲಿ ನನ್ನ ಈಗಿನ ಸಂಬಳ, ಅವರು ಕೊಡಬೇಕು ಅಂದುಕೊಂಡದ್ದು, ಎಷ್ಟು ಪರ್ಸೆಂಟ್ ಜಾಸ್ತಿ ಅನ್ನುವುದೆಲ್ಲ ಇರುತ್ತದೆ. ಇನ್ನೊಂದು ಕಾಲಂನಲ್ಲಿ ಅದೇ ಕೆಲಸ ಮಾಡುವ ಅಲ್ಲಿನ ಹಳಬರಿಗೆ ಎಷ್ಟಿದೆ ಅಂತ ಇರುತ್ತದೆ. ಈ ಕಾಲಂನಿಂದಲೇ ಅರ್ಧ ತಡ ಆಗುವುದು ಅಂತ ಅತ್ತಿಗೆ ಹೇಳಿದರು. ಆರು ವರ್ಷದಿಂದ ಅಲ್ಲೇ ಇರುವವನಿಗೆ ಕಡಿಮೆ ಇದ್ದು ಹೊಸಬನಿಗೆ ಜಾಸ್ತಿ ಅಂದರೆ ಯಾರಾದರೂ ಒಬ್ಬರು ಯಾಕೆ ಅಂತ ಕೇಳಿಯೇ ಕೇಳುತ್ತಾರೆ. ಆ ಪ್ರಸ್ತಾಪ ಪ್ಲಾಂಟ್ ಹೆಡ್ ಹತ್ತಿರ ಹೋಗುತ್ತದೆ, ಅಲ್ಲಿಂದ ಹೆಡ್ ಆಫೀಸಿನ ಎಚ್‌ಆರ್, ಆಮೇಲೆ ಫೈನಾನ್ಸ್. ಎಲ್ಲ ಕಂಪ್ಯೂಟರಿನಲ್ಲೇ. ಒಬ್ಬರು ಅಪ್ರೂವ್ ಒತ್ತಿದ ಮೇಲಷ್ಟೇ ಮುಂದಿನವರ ಹತ್ತಿರ ಹೋಗುತ್ತದೆ. ಒಬ್ಬರು ಮದುವೆಗೆ ಅಂತ ಊರಿಗೆ ಹೋದರೆ ಫೈಲು ಅವರ ಹೆಸರಿನಲ್ಲೇ ನಿಂತಿರುತ್ತದೆ. ಇದೆಲ್ಲ ಮುಗಿದ ಮೇಲೆ ಲೆಟರ್.

"ಹಾಗಾದ್ರೆ ಫೋನ್ ಯಾವಾಗ ಮಾಡ್ತೀರ?"

ಅತ್ತಿಗೆ ಚಟ್ನಿ ಹಾಕಿಸಿಕೊಂಡರು. "ನಿಯಮದ ಪ್ರಕಾರ ಅಪ್ರೂವಲ್ ಎಲ್ಲ ಆದ್ಮೇಲೆ. ನಿಜ ಹೇಳ್ಬೇಕು ಅಂದ್ರೆ, ಬಹಳ ಸಲ ಅದಕ್ಕಿಂತ ಮುಂಚೆನೇ ಮಾಡ್ತೀವಿ. ಒಳ್ಳೆ ಕ್ಯಾಂಡಿಡೇಟ್ ಬೇರೆ ಕಡೆ ಹೋಗ್ಬಿಡ್ತಾನೆ ಅನ್ನೋ ಭಯ. ಮ್ಯಾನೇಜರ್ ತಲೆ ಮೇಲೆ ಕೂತಿರ್ತಾರೆ, ಯಾವಾಗ ಬರ್ತಾನೆ ಅಂತ."

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಹೇಳಿದರು. ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. "ಒಂದೊಂದ್ಸಲ ಇಬ್ರು ಇರ್ತಾರೆ. ಮೊದಲನೆಯವನಿಗೆ ಲೆಟರ್ ಕೊಟ್ಟು ಅವನು ಸೈನ್ ಮಾಡೋವರೆಗೂ ಎರಡನೆಯವನನ್ನ ಹೀಗೇ ಬಾಯಿ ಮಾತಲ್ಲಿ ಇಟ್ಟಿರ್ತೀವಿ. ನಾನೂ ಮಾಡಿದೀನಿ."

ಇಡ್ಲಿ ತಣ್ಣಗಾಗಿತ್ತು.

ಅಂದರೆ ನಾನು ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ. "ಎನಿ ಅಪ್ಡೇಟ್" ಅಂತ ಕೇಳಿದರೆ "ಚೆಕ್ ಮಾಡ್ತೀನಿ" ಅನ್ನುವುದು ಅದಕ್ಕೆ ಸರಿಯಾದ ಉತ್ತರವೇ. ಮೂರು ಸೆಕೆಂಡಿನಲ್ಲಿ ಹೇಳಿ ಮರೆತುಬಿಡಬಹುದು. ಅತ್ತಿಗೆ ಹೇಳಿದ್ದು, ಫೈಲ್ ಯಾರ ಹತ್ತಿರ ಇದೆ ಅಂತ ಕೇಳು. ಅಪ್ರೂವಲ್ ಆಗಿ ಲೆಟರ್ ತಯಾರಾಗುತ್ತಿದೆಯಾ, ಇಲ್ಲಾ ಅಪ್ರೂವಲ್ಲೇ ಬಾಕಿ ಇದೆಯಾ ಅಂತ ಕೇಳು. ಇವೆರಡೂ ಪೂರ್ತಿ ಬೇರೆ ಬೇರೆ ಸ್ಥಿತಿ. ಲೆಟರ್ ಟೈಪ್ ಆಗುತ್ತಿದೆ ಅಂದರೆ ಎರಡು ದಿನ ಕಾಯಬಹುದು. ಅಪ್ರೂವಲ್ ಬಾಕಿ ಅಂದರೆ ಆ ಆರು ಅರವತ್ತು ಇನ್ನೂ ಯಾರದೋ ಒಬ್ಬರ ಆಸೆ, ಕಂಪನಿಯ ಮಾತಲ್ಲ. ಅದಕ್ಕೆ ತಕ್ಕಂತೆ ಬೇರೆ ಕಡೆ ಇಂಟರ್‌ವ್ಯೂ ಇದ್ದರೆ ಬಿಡಬಾರದು.

ಅಲ್ಲೇ ಕೂತು ಅಣ್ಣ ಒಂದು ಕೇಳಿದ. "ಬಾಯಿ ಮಾತಿಗೆ ಬೆಲೆನೇ ಇಲ್ವಾ? ಕಾನೂನು ಅಂತ ಇಲ್ವಾ?" ಇದೆ. ಭಾರತೀಯ ಒಪ್ಪಂದ ಕಾಯ್ದೆ 1872ರದ್ದು, ಒಪ್ಪಂದ ಬರವಣಿಗೆಯಲ್ಲೇ ಇರಬೇಕು ಅಂತ ಅದು ಎಲ್ಲದಕ್ಕೂ ಹೇಳುವುದಿಲ್ಲ. ಬಾಯಿ ಮಾತೂ ಒಪ್ಪಂದ ಆಗಬಹುದು. ಆದರೆ ಆ ಎರಡು ನಿಮಿಷದ ಫೋನಿನಲ್ಲಿ ಏನು ಒಪ್ಪಿಕೊಂಡರು ಅಂತ ತೋರಿಸುವುದು ಹೇಗೆ? ಯಾವ ಹುದ್ದೆ, ಯಾವ ದಿನದಿಂದ, ಆರು ಅರವತ್ತರಲ್ಲಿ ಏನೇನು ಸೇರಿದೆ? ಕೋರ್ಟಿಗೆ ಹೋಗಿ ಕೆಲಸ ತೆಗೆದುಕೊಂಡವರನ್ನು ನಾನಂತೂ ಕಂಡಿಲ್ಲ. ಆ ವಿಷಯ ಅಲ್ಲಿಗೇ ಬಿಟ್ಟೆವು.

ಅತ್ತಿಗೆ ಕಟ್ಟುನಿಟ್ಟಾಗಿ ಹೇಳಿದ್ದು ಇನ್ನೊಂದು. "ಲೆಟರ್ ಕೈಗೆ ಬರೋವರೆಗೂ ಪೇಪರ್ ಹಾಕ್ಬೇಡ. ಅವರೇ ಹೇಳಿದ್ರೂ ಹಾಕ್ಬೇಡ. 'ನೀವು ನೋಟಿಸ್ ಶುರು ಮಾಡ್ಕೊಳ್ಳಿ, ಲೆಟರ್ ಹಿಂದೆ ಬರುತ್ತೆ' ಅಂತ ಹೇಳಿದ್ರೆ ಇನ್ನೂ ಹಾಕ್ಬೇಡ."

ಅದು ನನಗೆ ಹೇಳಿಸಿಕೊಳ್ಳುವ ಅಗತ್ಯ ಇರಲಿಲ್ಲ. ಎರಡು ವರ್ಷದ ಹಿಂದೆ ನಮ್ಮ ಲೈನಿನ ಒಬ್ಬ ಹುಡುಗ ಫೋನ್ ಬಂದ ಮರುದಿನವೇ ರಾಜೀನಾಮೆ ಕೊಟ್ಟಿದ್ದ. ಲೆಟರ್ ಮುಂದಿನ ವಾರ, ಮುಂದಿನ ವಾರ ಅನ್ನುತ್ತಾ ನೋಟಿಸ್ ಅರ್ಧ ಮುಗಿಯಿತು. ಕೊನೆಗೆ ಆ ಹುದ್ದೆಯನ್ನೇ ಸದ್ಯಕ್ಕೆ ನಿಲ್ಲಿಸಿದ್ದೇವೆ ಅಂದರು. ಇಲ್ಲಿ ರಾಜೀನಾಮೆ ವಾಪಸ್ ತಗೊಳ್ಳುತ್ತೇನೆ ಅಂದರೆ ಅವನ ಜಾಗಕ್ಕೆ ಆಗಲೇ ಇನ್ನೊಬ್ಬ ಬಂದಾಗಿತ್ತು. ನಾಲ್ಕು ತಿಂಗಳು ಮನೆಯಲ್ಲಿದ್ದ. ಆ ಕಂಪನಿಯವರು ಕೆಟ್ಟವರೇನಲ್ಲ ಇರಬಹುದು. ಆದರೆ ಅವರು ಮೊದಲ ವಾರವೇ ಇನ್ನೂ ಅಪ್ರೂವಲ್ ಆಗಿಲ್ಲ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಸೋಮವಾರ ಬೆಳಿಗ್ಗೆ ಮೊದಲು ಜಂಕ್ ಫೋಲ್ಡರ್ ನೋಡಿದೆ. ಅರ್ಜಿಯಲ್ಲಿ ಕೊಟ್ಟಿದ್ದ ಮೇಲ್ ಐಡಿ ಸರಿಯಿದೆಯಾ ನೋಡಿದೆ. ಸರಿಯಿತ್ತು. ಆಮೇಲೆ ಮೇಲ್ ಬರೆದೆ. ವಾಟ್ಸಾಪ್ ಬೇಡ ಅಂತ ಅತ್ತಿಗೆ ಹೇಳಿದ್ದರು, ಕಾರಣವೂ ಹೇಳಿದ್ದರು. ಮೇಲ್ ಆದರೆ ಆ ಮೇಡಂ ಅದನ್ನು ಹಾಗೇ ಮುಂದಕ್ಕೆ ಕಳಿಸಬಹುದು: ಸರ್, ಕ್ಯಾಂಡಿಡೇಟ್ ಕೇಳುತ್ತಿದ್ದಾರೆ ನೋಡಿ ಅಂತ. ಅವರ ಕೈಗೂ ಒಂದು ನೆಪ ಸಿಗುತ್ತದೆ. ನನ್ನ ವಾಟ್ಸಾಪ್ ಅನ್ನು ಅವರು ಫೈನಾನ್ಸ್ ಹೆಡ್‌ಗೆ ತೋರಿಸಲು ಆಗುತ್ತದಾ?

ಮೇಲ್ ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳಬೇಕೆಂದರೆ ಹೀಗಿತ್ತು:

"ಮೇಡಂ, ಕಳೆದ ವಾರದ ಹಿಂದಿನ ಗುರುವಾರ ನಾವು ಫೋನಿನಲ್ಲಿ ಮಾತಾಡಿದ್ದೆವು. ನಾನು ಅರ್ಥ ಮಾಡಿಕೊಂಡಿರುವುದು ಇಷ್ಟು: ಹುದ್ದೆ ಸೀನಿಯರ್ ಎಂಜಿನಿಯರ್, ಕ್ವಾಲಿಟಿ. ಸಂಬಳ ವರ್ಷಕ್ಕೆ 6.6 ಲಕ್ಷ ಫಿಕ್ಸೆಡ್. ಜಾಗ ವಸಂತನರಸಾಪುರ. ಇದರಲ್ಲಿ ಏನಾದರೂ ತಪ್ಪಿದ್ದರೆ ದಯವಿಟ್ಟು ತಿಳಿಸಿ. ನನಗೆ 60 ದಿನ ನೋಟಿಸ್ ಇದೆ. ಲೆಟರ್ ಬಂದ ದಿನವೇ ರಾಜೀನಾಮೆ ಕೊಡುತ್ತೇನೆ, ಅಲ್ಲಿಂದ 60 ದಿನಕ್ಕೆ ಸೇರಬಲ್ಲೆ. ಲೆಟರ್ ಈಗ ಅಪ್ರೂವಲ್ ಹಂತದಲ್ಲಿದೆಯೇ, ಅಪ್ರೂವಲ್ ಮುಗಿದಿದೆಯೇ? ನನ್ನಿಂದ ಯಾವುದಾದರೂ ದಾಖಲೆ ಬಾಕಿ ಇದೆಯೇ? ಸುಮಾರು ಯಾವ ದಿನ ನಿರೀಕ್ಷಿಸಬಹುದು?"

ಅಷ್ಟೇ. ಬೇಸರ ತೋರಿಸಲಿಲ್ಲ. ಬೇರೆ ಕಂಪನಿ ಕಾಯುತ್ತಿದೆ ಅಂತ ಸುಳ್ಳೂ ಬರೆಯಲಿಲ್ಲ. ಬರೆಯಬೇಕು ಅನ್ನಿಸಿತ್ತು, ನಿಜ. ಅತ್ತಿಗೆ ಬೇಡ ಅಂದರು. "ಹಾಗಾದ್ರೆ ಅಲ್ಲೇ ಸೇರ್ಕೊಳ್ಳಿ ಅಂದ್ರೆ ಏನ್ ಮಾಡ್ತೀಯ?"

ನೋಟಿಸ್ ವಿಷಯದ ವಾಕ್ಯವನ್ನು ಅತ್ತಿಗೆಯೇ ಸೇರಿಸಿದ್ದು. ಮೊದಲು ಅದರ ಬೆಲೆ ನನಗೆ ಗೊತ್ತಾಗಲಿಲ್ಲ. ಫೋನಿನಲ್ಲಿ ನಾನು 60 ದಿನ ಅಂದಿದ್ದೆ. ಅವರು ಆ ದಿನದಿಂದ 60 ಎಣಿಸಿ ಒಂದು ತಾರೀಕು ಗುರುತು ಮಾಡಿಕೊಂಡಿರುತ್ತಾರೆ. ಲೆಟರ್ ತಡವಾದಷ್ಟೂ ನನ್ನ 60 ದಿನ ಶುರುವಾಗುವುದು ತಡ, ಆದರೆ ಅವರ ತಾರೀಕು ಅಲ್ಲೇ ಇರುತ್ತದೆ. ಕಡಿಮೆ ಬಿದ್ದ ದಿನಗಳನ್ನು ನಾನು ಈ ಕಂಪನಿಗೆ ದುಡ್ಡು ಕಟ್ಟಿ ಬಿಡಿಸಿಕೊಳ್ಳಬೇಕು. ನನ್ನ ಗ್ರಾಸ್ 36,000, ದಿನಕ್ಕೆ 1,200. ಹತ್ತು ದಿನ ತಡ ಅಂದರೆ 12,000 ನನ್ನ ಜೇಬಿನಿಂದ. ಜೊತೆಗೆ ಆ ವಾಕ್ಯ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಲೆಟರ್ ಒಂದು ದಿನ ತಡವಾದರೆ ನಾನು ಸೇರುವುದೂ ಒಂದು ದಿನ ತಡ ಅಂತ ಅದು ಸೌಮ್ಯವಾಗಿ ಹೇಳುತ್ತದೆ. ಜನ ಬೇಕು ಅಂತ ಪ್ಲಾಂಟ್ ಮ್ಯಾನೇಜರ್ ಅವಸರ ಮಾಡುತ್ತಿದ್ದರೆ, ಆ ಅವಸರ ಈಗ ಲೆಟರಿನ ಕಡೆ ತಿರುಗುತ್ತದೆ.

ಮಂಗಳವಾರ ಸಂಜೆ ಉತ್ತರ ಬಂತು. ನಾಲ್ಕು ಸಾಲು. ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಮೊದಲನೆಯದು, ಪ್ಲಾಂಟ್ ಹೆಡ್ ಮತ್ತು ಹೆಡ್ ಆಫೀಸ್ ಎಚ್‌ಆರ್ ಅಪ್ರೂವ್ ಮಾಡಿದ್ದಾರೆ, ಫೈನಾನ್ಸ್ ಹತ್ತಿರ ಇದೆ. ಎರಡನೆಯದು, ನಾನು ಕಳಿಸಿದ್ದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆಯಲು ಆಗುತ್ತಿಲ್ಲ, ಪಾಸ್‌ವರ್ಡ್ ಕೇಳುತ್ತಿದೆ, ಅದಿಲ್ಲದೆ ಈಗಿನ ಸಂಬಳ ಪರಿಶೀಲನೆ ಆಗಿಲ್ಲ. ಮೂರನೆಯದು, 6.6 ಲಕ್ಷ ಅನ್ನುವುದು ಫಿಕ್ಸೆಡ್ ಅಲ್ಲ, ಒಟ್ಟು ಸಿಟಿಸಿ. ಅದರಲ್ಲಿ ಶೇ 10 ವೇರಿಯೆಬಲ್.

ಪಾಸ್‌ವರ್ಡ್! ಬ್ಯಾಂಕಿನವರು ಕಳಿಸುವ ಆ ಪಿಡಿಎಫ್‌ಗೆ ಬೀಗ ಇರುತ್ತದೆ, ನಾನು ಹಾಗೇ ಕಳಿಸಿದ್ದೆ. ಹನ್ನೆರಡು ದಿನ ನಾನು ಇಲ್ಲಿ ಅವರನ್ನು ಬೈದುಕೊಳ್ಳುತ್ತಿದ್ದೆ. ಅಲ್ಲಿ ಯಾರೋ ನನ್ನ ಫೈಲ್ ತೆರೆಯಲು ಆಗದೆ ಪಕ್ಕಕ್ಕೆ ಇಟ್ಟಿದ್ದರು. ಅವರೂ ಒಂದು ಮಾತು ಹೇಳಬಹುದಿತ್ತು, ಅದು ಬೇರೆ ಪ್ರಶ್ನೆ. ಪ್ಲಾಂಟಿನ ಮೇಡಂಗೇ ಆ ವಿಷಯ ಗೊತ್ತಿರಲಿಲ್ಲವಂತೆ, ನನ್ನ ಮೇಲ್ ನೋಡಿ ಪುಣೆಗೆ ಕೇಳಿದಾಗ ತಿಳಿಯಿತು ಅಂದರು.

ಮೂರನೆಯ ಸಾಲು ಮಾತ್ರ ನಿಜವಾಗಿ ಚುಚ್ಚಿತು. ಆರು ಅರವತ್ತು ಅಂದರೆ ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 55,000 ಅಂತ ನಾನು ಲೆಕ್ಕ ಹಾಕಿಟ್ಟಿದ್ದೆ. ಅದರಲ್ಲಿ ಸ್ವಲ್ಪ ಹಿಡಿಯುತ್ತಾರೆ ಅಂತ ಗೊತ್ತಿತ್ತು, ಆದರೆ ಎಷ್ಟು ಅಂತ ಕೂತು ನೋಡಿರಲಿಲ್ಲ. ಅವತ್ತು ರಾತ್ರಿ ಹಳೇ ಡೈರಿ ತೆಗೆದು ಕೂತೆ. 6.6 ಲಕ್ಷದಲ್ಲಿ ವೇರಿಯೆಬಲ್ 66,000. ಅದು ವರ್ಷದ ಕೊನೆಗೆ, ಅದೂ ಟಾರ್ಗೆಟ್ ಆದರೆ. ಉಳಿದದ್ದು 5,94,000. ಕಂಪನಿ ನನ್ನ ಪಿಎಫ್‌ಗೆ ಹಾಕುವ ತಿಂಗಳಿಗೆ 1,800, ವರ್ಷಕ್ಕೆ 21,600, ಅದೂ ಈ ಲೆಕ್ಕದ ಒಳಗೇ. ಗ್ರಾಚುಟಿ ಅಂತ ಬೇಸಿಕ್‌ನ ಶೇ 4.81 ಇಡುತ್ತಾರೆ. ಬೇಸಿಕ್ ಅರ್ಧ ಅಂತ ಹಿಡಿದರೆ ಅದು ಸುಮಾರು 14,300. ಇವೆರಡು ಕಳೆದರೆ ತಿಂಗಳ ಗ್ರಾಸ್ ಸುಮಾರು 46,500. ಅದರಿಂದ ನನ್ನ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200. ಕೈಗೆ 44,500.

ಈಗಿನ 34,000ಕ್ಕೆ ಹೋಲಿಸಿದರೆ ಅದೇನೂ ಕಡಿಮೆಯಲ್ಲ. ಆದರೆ ತಲೆಯಲ್ಲಿ 55,000 ಕೂತಿತ್ತಲ್ಲ. ಆ ಮೇಡಂ ಮೋಸ ಮಾಡಿದರು ಅಂತಲೂ ಹೇಳುವಂತಿಲ್ಲ. ಅವರ ಭಾಷೆಯಲ್ಲಿ ಆರು ಅರವತ್ತು ಅಂದರೆ ಸಿಟಿಸಿಯೇ. ನನ್ನ ಭಾಷೆಯಲ್ಲಿ ಫಿಕ್ಸೆಡ್. ಇಬ್ಬರೂ ಒಂದೇ ಸಂಖ್ಯೆ ಹೇಳಿ ಒಪ್ಪಿಕೊಂಡು ಫೋನ್ ಇಟ್ಟಿದ್ದೆವು. ಮೇಲ್‌ನಲ್ಲಿ "ಫಿಕ್ಸೆಡ್" ಅನ್ನುವ ಒಂದು ಪದ ಬರೆಯದೇ ಇದ್ದಿದ್ದರೆ ಇದು ಲೆಟರ್ ಬಂದ ಮೇಲೆ ಗೊತ್ತಾಗುತ್ತಿತ್ತು. ಆಗ ಮೂರು ದಿನದಲ್ಲಿ ಸೈನ್ ಮಾಡಿ ಅಂತ ಗಡುವು ಇರುತ್ತಿತ್ತು, ಅಮ್ಮ ಹೋಳಿಗೆಗೆ ಬೇಳೆ ನೆನೆಸಿರುತ್ತಿದ್ದಳು.

ಅತ್ತಿಗೆಗೆ ಫೋನ್ ಮಾಡಿದೆ. ಅವರು ಬಸ್ಸಿನಲ್ಲಿದ್ದರು, ನೆಲಮಂಗಲದ ಟೋಲ್ ಹತ್ತಿರ.

"ಒಟ್ಟು ಮೊತ್ತ ಜಾಸ್ತಿ ಮಾಡಿ ಅಂತ ಕೇಳ್ಬೇಡ" ಅಂದರು. "ಅದು ಮತ್ತೆ ಬಜೆಟ್ ತನಕ ಹೋಗುತ್ತೆ. ಒಟ್ಟು ಅಷ್ಟೇ ಇರ್ಲಿ, ವೇರಿಯೆಬಲ್ ಕಮ್ಮಿ ಮಾಡಿ ಅಂತ ಕೇಳು. ನಾನು ಫಿಕ್ಸೆಡ್ ಅಂದ್ಕೊಂಡಿದ್ದೆ ಅಂತ ಇದ್ದದ್ದು ಇದ್ದ ಹಾಗೇ ಹೇಳು. ಲೆಟರ್ ಇನ್ನೂ ಪ್ರಿಂಟ್ ಆಗಿಲ್ವಲ್ಲ, ಬದಲಾಯಿಸೋದು ಈಗ ಸುಲಭ. ಒಂದ್ಸಲ ಲೆಟರ್ ಬಂದ್ಮೇಲೆ ಬದಲಾಯಿಸ್ಬೇಕು ಅಂದ್ರೆ ಮತ್ತೆ ಎಲ್ಲ ಟೇಬಲ್ ಸುತ್ತಬೇಕು."

ತಡ ಆಗಿದ್ದರಿಂದಲೇ ಕೇಳಲು ಜಾಗ ಸಿಕ್ಕಿತು. ಇದು ನನಗೆ ಹೊಳೆದೇ ಇರಲಿಲ್ಲ.

ಬುಧವಾರ ಬೀಗ ತೆಗೆದ ಸ್ಟೇಟ್‌ಮೆಂಟ್ ಕಳಿಸಿದೆ. ಅದೇ ಮೇಲ್‌ನಲ್ಲಿ ವೇರಿಯೆಬಲ್ ಶೇ 5ಕ್ಕೆ ಇಳಿಸಲು ಆಗುತ್ತದಾ ಅಂತ ಕೇಳಿದೆ. ಮಧ್ಯಾಹ್ನವೇ ಮೇಡಂ ಫೋನ್ ಮಾಡಿದರು. ಈ ಸಲ ನಾನು ಪೆನ್ ಹಿಡಿದು ಕೂತಿದ್ದೆ. ಕೇಳಿ ನೋಡುತ್ತೇನೆ, ಆದರೆ ಅಪ್ರೂವಲ್ ಮೊದಲಿನಿಂದ ಹಾಕಬೇಕು, ಮುಂದಿನ ಮಂಗಳವಾರ ಆಗಬಹುದು ಅಂದರು. ಫೋನ್ ಇಟ್ಟ ಮೇಲೆ ಎರಡು ಸಾಲಿನ ಮೇಲ್ ಹಾಕಿದೆ: ಈಗ ಮಾತಾಡಿದ ಪ್ರಕಾರ ವೇರಿಯೆಬಲ್ ಶೇ 5 ಅಂತ ಮತ್ತೆ ಅಪ್ರೂವಲ್‌ಗೆ ಹೋಗುತ್ತಿದೆ, ಮಂಗಳವಾರದ ಹೊತ್ತಿಗೆ ತಿಳಿಸುತ್ತೀರಿ, ಧನ್ಯವಾದ.

ಮಂಗಳವಾರ ಬರಲಿಲ್ಲ.

ಇಲ್ಲಿ ನನ್ನ ಹಳೇ ಬುದ್ಧಿ ಮತ್ತೆ ಎದ್ದಿತು. ಇಂಟರ್‌ವ್ಯೂ ಮಾಡಿದ ಕ್ವಾಲಿಟಿ ಮ್ಯಾನೇಜರ್ ನಂಬರ್ ನನ್ನ ಹತ್ತಿರ ಇತ್ತು. ಅವರಿಗೇ ಫೋನ್ ಮಾಡಿಬಿಡೋಣ ಅನ್ನಿಸಿತು. ಅತ್ತಿಗೆ ಇನ್ನೊಂದು ಸಲ ಎಚ್‌ಆರ್‌ಗೇ ಕೇಳು ಅಂದರು. ತಾರೀಕು ಒಂದು ಸಲ ಜಾರುವುದು ಮಾಮೂಲು. ಕಾರಣ ಹೇಳಿ ಹೊಸ ತಾರೀಕು ಕೊಟ್ಟರೆ ಫೈಲ್ ಜೀವಂತ ಇದೆ ಅಂತ ಅರ್ಥ. ಕಾರಣ ಇಲ್ಲದೆ ಎರಡನೇ ಸಲವೂ ಜಾರಿದರೆ, ಆಗ ಮ್ಯಾನೇಜರ್‌ಗೆ ಮಾಡು. ಆಗಲೂ ದೂರು ಹೇಳಬೇಡ, ಆ ಹುದ್ದೆ ಇನ್ನೂ ಇದೆಯಾ ಸರ್ ಅಂತ ಮಾತ್ರ ಕೇಳು. ಅವರು ಇದೆ ಕಣ್ರೀ, ನಾನೇ ಕೇಳ್ತೀನಿ ಅಂದರೆ ಒಂದು ಥರ. ನೋಡೋಣ, ಎಚ್‌ಆರ್ ಹೇಳ್ತಾರೆ ಅಂತ ಜಾರಿಕೊಂಡರೆ ಅಲ್ಲಿಗೆ ಆಸೆ ಬಿಟ್ಟು ಬೇರೆ ಕಡೆ ನೋಡು. ಅದೇ ಕೆಲಸಕ್ಕೆ ಮತ್ತೆ ಜಾಹೀರಾತು ಬಂದಿದೆಯಾ ಅಂತಲೂ ಒಂದು ಕಣ್ಣಿಟ್ಟಿರು ಅಂದರು. ಆದರೆ ಜಾಹೀರಾತು ಕಂಡ ತಕ್ಷಣ ಗಾಬರಿ ಬೇಡವಂತೆ, ಎಷ್ಟೋ ಸಲ ತೆಗೆಯಲು ಮರೆತಿರುತ್ತಾರಂತೆ.

ಬುಧವಾರ ಒಂದೇ ಸಾಲು ಬರೆದೆ. ಮಧ್ಯಾಹ್ನ ಉತ್ತರ: ಫೈನಾನ್ಸ್ ಹೆಡ್ ಗುರುವಾರದವರೆಗೂ ರಜ, ಶುಕ್ರವಾರ ಆಗುತ್ತದೆ. ಹೆಸರಿಲ್ಲದಿದ್ದರೂ ಒಬ್ಬ ಮನುಷ್ಯ, ಒಂದು ದಿನ. ಅಷ್ಟು ಗೊತ್ತಾದ ಮೇಲೆ ಆಶ್ಚರ್ಯ ಅನ್ನುವ ಹಾಗೆ ನಿದ್ದೆ ಬಂತು. ಹಿಂದಿನ ಎರಡು ವಾರ ನಿದ್ದೆ ಕೆಡಿಸಿದ್ದು ತಡ ಅಲ್ಲ, ಏನೂ ಗೊತ್ತಿಲ್ಲದೇ ಇದ್ದದ್ದು.

ಶುಕ್ರವಾರ ಸಂಜೆ 5:40ಕ್ಕೆ ಲೆಟರ್ ಬಂತು. ಫೋನ್ ಬಂದು ಇಪ್ಪತ್ತೆರಡು ದಿನ ಆಗಿತ್ತು. ಗೇಜ್ ರೂಮಿನಲ್ಲೇ ನಿಂತು ತೆರೆದೆ. ಹುದ್ದೆ ಸರಿ. ಒಟ್ಟು 6.6 ಲಕ್ಷ, ವೇರಿಯೆಬಲ್ 33,000, ಶೇ 5. ಕೈಗೆ 47,000ದ ಆಸುಪಾಸು ಆಗುತ್ತದೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಸರಿಬಂದರೆ ಮಾತ್ರ ಈ ಆಫರ್ ಅಂತ ಒಂದು ಸಾಲು, ಅದು ಎಲ್ಲ ಲೆಟರಿನಲ್ಲೂ ಇರುತ್ತದೆ. ಮೂರು ದಿನದಲ್ಲಿ ಒಪ್ಪಿಗೆ ತಿಳಿಸಿ.

ಸೇರುವ ತಾರೀಕು ನೋಡಿದೆ. ಎಣಿಸಿದೆ. 38 ದಿನ.

ಮೊದಲ ಫೋನಿನ ದಿನದಿಂದ ಎಣಿಸಿದ ಹಳೇ ತಾರೀಕೇ ಹಾಗೇ ಅಚ್ಚಾಗಿತ್ತು. ಯಾರೂ ಬದಲಾಯಿಸಿರಲಿಲ್ಲ. ಹಾಗೇ ಸೈನ್ ಹಾಕಿದ್ದರೆ 22 ದಿನಕ್ಕೆ 26,400 ನಾನು ಕಟ್ಟಬೇಕಿತ್ತು. ಇಲ್ಲಾ ಅಲ್ಲಿ ಹೋಗಿ ನೋಟಿಸ್ ಮುಗಿದಿಲ್ಲ ಅಂತ ಕೈಕಟ್ಟಿ ನಿಲ್ಲಬೇಕಿತ್ತು. ಮೊದಲ ಮೇಲ್‌ನ ನೋಟಿಸ್ ಸಾಲನ್ನೇ ಕೆಳಗೆ ಇಟ್ಟು, ತಾರೀಕು ಮಾತ್ರ ಸರಿ ಮಾಡಿಕೊಡಿ, ಉಳಿದದ್ದೆಲ್ಲ ನನಗೆ ಒಪ್ಪಿಗೆ ಅಂತ ಬರೆದೆ. ಸೋಮವಾರ ಮಧ್ಯಾಹ್ನ ತಿದ್ದಿದ ಲೆಟರ್ ಬಂತು. ಆಗ ಸೈನ್ ಮಾಡಿ ಕಳಿಸಿದೆ. ಒಪ್ಪಿಗೆ ತಲುಪಿದೆ ಅಂತ ಅವರ ಉತ್ತರ ಬಂದ ಮೇಲೆ, ಸಂಜೆ ಆರಕ್ಕೆ, ನಮ್ಮ ಮ್ಯಾನೇಜರ್ ಕ್ಯಾಬಿನ್ ಬಾಗಿಲು ತಟ್ಟಿದೆ.

ಅವರು ತಲೆ ಎತ್ತದೆ ಕೇಳಿದರು, "ಆಡಿಟ್ ಫೈಲ್ ರೆಡಿ ಆಯ್ತಾ?"

"ಆಯ್ತು ಸರ್. ಅದರ ಜೊತೆ ಇನ್ನೊಂದು ಇದೆ" ಅಂದೆ.